ಶೆಟ್ಟಿಹಳ್ಳಿ ಚರ್ಚಿನ ಮೇಲಿನ ಆಕಾಶ ಯಾರದು?

ಹಾಸನದ ನನ್ನ ಪ್ರಿಂಟಿಂಗ್-ಫ್ರೇಮಿಂಗ್ ಅಂಗಡಿಗೆ ಶೆಟ್ಟಿಹಳ್ಳಿ ಚರ್ಚಿನ ಫೈಲು ಬಾರದ ತಿಂಗಳಿಲ್ಲ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಆ ಪಾಳು ಚರ್ಚು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿದೆ. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಿಲ್ಲುತ್ತದೆ. ನೀರು ತುಂಬಿರುವಾಗ ಆಕಾಶದಲ್ಲಿ ಮೋಡ, ಆಕಾಶ ತಿಳಿಯಾದಾಗ ನೀರಿಲ್ಲ. ಹಾಗಾಗಿ ಆ ಚರ್ಚಿನ ಫೋಟೊಗಳಲ್ಲಿ ಬಹುಪಾಲು ಆಕಾಶ ಬೇರೆ ಎಲ್ಲಿಂದಲೋ ಬಂದದ್ದಾಗಿರುತ್ತದೆ.

ಈಚೆಗೆ ಒಬ್ಬ ಹುಡುಗ ಪೆನ್‌ಡ್ರೈವಿನಲ್ಲಿ ಅಂಥದ್ದೇ ಒಂದನ್ನು ತಂದ. ಚೆನ್ನಾಗಿಯೇ ಇತ್ತು. ನೀರಿನಲ್ಲಿ ನಿಂತ ಚರ್ಚು, ಮೇಲೆ ಆಕಾಶಗಂಗೆ, ಗೋಪುರದ ಪಕ್ಕದಲ್ಲಿ ಹಾರುವ ಹಕ್ಕಿಗಳ ಹಿಂಡು, ಮುಂದೆ ತೆಪ್ಪದಲ್ಲಿ ಕೂತ ಬೆಸ್ತ. ಸಕಲೇಶಪುರದ ಕಡೆಯ ಹೋಂಸ್ಟೇ ಒಂದಕ್ಕೆ ಮಾರಿದ್ದನಂತೆ: ಹಜಾರದ ಗೋಡೆಗೆ 24×36 ಇಂಚಿನ ಒಂದು ಕ್ಯಾನ್ವಾಸ್, ಅತಿಥಿಗಳಿಗೆ ಹಂಚಲು 500 ಕ್ಯಾಲೆಂಡರ್.

ನನ್ನ ಕಣ್ಣು ಹೋದದ್ದು ಹಕ್ಕಿಗಳ ಮೇಲೆ. ಎಡಗಡೆಯಿಂದ ಮೂರನೆಯದರ ರೆಕ್ಕೆಯ ತುದಿ ಕತ್ತರಿಯಾಡಿಸಿದಂತೆ ಚಪ್ಪಟೆಯಾಗಿತ್ತು. ಅದೇ ಹಕ್ಕಿ, ಅದೇ ಚಪ್ಪಟೆ ರೆಕ್ಕೆ, ಹಿಂದಿನ ತಿಂಗಳು ಮುಳ್ಳಯ್ಯನಗಿರಿಯ ಸೂರ್ಯೋದಯದ ಮೇಲೆ ಹಾರಿಹೋಗಿತ್ತು. ಅದಕ್ಕೂ ಮುಂಚೆ ಒಂದು ಮದುವೆ ಆಲ್ಬಮ್ಮಿನ ರಟ್ಟಿನ ಮೇಲೆ.

"ಈ ಹಕ್ಕಿ ಎಲ್ಲಿಂದಪ್ಪಾ ತಂದೆ?"

"ಗೂಗಲ್ಲಲ್ಲಿ ಸಿಕ್ತಣ್ಣ, ಫ್ರೀ ಪಿಎನ್‌ಜಿ."

"ಆಕಾಶ?"

"ಅದೂ ಫ್ರೀನೇ. ತೆಪ್ಪ ಮಾತ್ರ ದುಡ್ಡು ಕೊಟ್ಟು ಸ್ಟಾಕ್ ಸೈಟಲ್ಲಿ ತಗೊಂಡೆ. ಅದಕ್ಕೆ ಬಿಲ್ಲೂ ಇದೆ."

ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಯಾಕೆ ಅನ್ನುವ ಧಾಟಿ. ಇಂಟರ್ನೆಟ್ಟನ್ನು ಹೊಳೆ ಅಂದುಕೊಂಡವರು ಅವನೊಬ್ಬನೇ ಅಲ್ಲ. ಆದರೆ ಕೂತು ಒಂದೊಂದೇ ಲೇಯರ್ ಬಿಡಿಸಿ ನೋಡಿದಾಗ, ಬಿಲ್ ಇದ್ದ ತೆಪ್ಪವೂ ಸೇರಿ, ಹೊರಗಿನಿಂದ ತಂದ ಮೂರರಲ್ಲಿ ಒಂದನ್ನೂ ಅವನು ಒಪ್ಪಿಕೊಂಡ ಕೆಲಸಕ್ಕೆ ಬಳಸುವಂತಿರಲಿಲ್ಲ. ಮೂರಕ್ಕೂ ಕಾರಣ ಬೇರೆ ಬೇರೆ.

ಪ್ರಿಂಟ್ ಹಾಕುವವನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ಕಾಪಿರೈಟ್ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಪ್ರತಿ ಮಾಡುವವನೂ, ಅಂಥ ಪ್ರತಿಯನ್ನು ಮಾರುವವನೂ ಉಲ್ಲಂಘನೆ ಮಾಡಿದಂತೆಯೇ. ಗೊತ್ತಿದ್ದೂ ಮಾಡಿದರೆ 63ನೇ ಸೆಕ್ಷನ್ನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಮೂರನೇ ಸಲ ಅದೇ ಹಕ್ಕಿಯನ್ನು ಗುರುತು ಹಿಡಿದ ಮೇಲೆ "ನನಗೆ ಗೊತ್ತಿರಲಿಲ್ಲ ಸ್ವಾಮಿ" ಅನ್ನುವ ದಾರಿ ನನಗೂ ಉಳಿದಿರಲಿಲ್ಲ.

"ಬದಲಾಯಿಸಿದೀನಲ್ಲಣ್ಣ!"

ಹುಡುಗನ ಮೊದಲ ವಾದ ಎಲ್ಲರದ್ದೂ. ಹಕ್ಕಿಯ ಬಣ್ಣ ಬದಲಾಯಿಸಿದೆ, ಮಗ್ಗುಲು ತಿರುಗಿಸಿದೆ, ಹೊಸ ಚಿತ್ರದಲ್ಲಿ ಅದರ ಪಾಲು ಐದು ಪರ್ಸೆಂಟೂ ಇಲ್ಲ. "ಮೂವತ್ತು ಪರ್ಸೆಂಟ್ ಬದಲಾದ್ರೆ ನಮ್ದಾಗುತ್ತಂತಲ್ಲ?" ಈ ಮೂವತ್ತರ ಲೆಕ್ಕ ಎಲ್ಲಿ ಹುಟ್ಟಿತೋ. ಭಾರತದ ಕಾಯ್ದೆಯಲ್ಲಿ ಅಂಥ ಯಾವ ಪರ್ಸೆಂಟೂ ಇಲ್ಲ.

ಕಾಯ್ದೆಯ 14ನೇ ಸೆಕ್ಷನ್ ಹೇಳುವುದು, ಇಡೀ ಕೃತಿಯನ್ನಾಗಲಿ ಅದರ ಗಣನೀಯ ಭಾಗವನ್ನಾಗಲಿ ಪ್ರತಿ ಮಾಡುವ ಹಕ್ಕು ಒಡೆಯನದು ಎಂದು. ಇಲ್ಲಿ ಅಳತೆ ಹಿಡಿಯುವುದು ಮೂಲ ಕೃತಿಯಿಂದ ಎಷ್ಟು ತೆಗೆದಿರಿ ಎಂಬುದಕ್ಕೆ. ನಿಮ್ಮ ಚಿತ್ರದಲ್ಲಿ ಅದು ಎಷ್ಟು ಜಾಗ ಹಿಡಿದಿದೆ ಎಂಬುದಕ್ಕಲ್ಲ. ಯಾರೋ ಬೆಳಗಿನ ಜಾವ ಕೆರೆದಂಡೆಯಲ್ಲಿ ಕೂತು ಹಕ್ಕಿಯ ಹಿಂಡನ್ನು ತೆಗೆದಿದ್ದಾರೆ. ಆ ಫೋಟೊದ ಜೀವವೇ ಹಕ್ಕಿಗಳು. ಅವನ್ನು ಕತ್ತರಿಸಿ ತಂದರೆ ಅವರ ಫೋಟೊದಲ್ಲಿ ಉಳಿಯುವುದು ಖಾಲಿ ಆಕಾಶ. ನಿಮ್ಮ ಕ್ಯಾನ್ವಾಸಿನಲ್ಲಿ ಅವು ಅಂಗೈಯಷ್ಟೇ ಇದ್ದರೂ ಅವರ ಕೃತಿಯ ಗಣನೀಯ ಭಾಗ ನಿಮ್ಮ ಕೈಗೆ ಬಂದಿದೆ.

ಕಲ್ಪನೆಗೆ ಮಾತ್ರ ಕಾಪಿರೈಟ್ ಇಲ್ಲ. 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ನೀರಿನಲ್ಲಿ ನಿಂತ ಚರ್ಚು, ಮೇಲೆ ಆಕಾಶಗಂಗೆ ಎಂಬ ಯೋಚನೆ ಯಾರಪ್ಪನ ಸ್ವತ್ತೂ ಅಲ್ಲ. ಇನ್ನೊಬ್ಬರ ಚಿತ್ರ ನೋಡಿ ಹೊಳೆದಿದ್ದರೂ ನಿಮ್ಮದೇ ಆಕಾಶವನ್ನು ತೆಗೆದು ಸೇರಿಸಿದರೆ ಕೇಳುವವರಿಲ್ಲ.

ಇನ್ನು "ಫೇರ್ ಯೂಸ್" ಎಂಬ ಮಾತು. ಅದು ಅಮೆರಿಕದ ಕಾನೂನಿನ ಪದ, ಯೂಟ್ಯೂಬಿನಿಂದ ನಮ್ಮ ಬಾಯಿಗೆ ಬಂದದ್ದು. ನಮ್ಮ 52ನೇ ಸೆಕ್ಷನ್ ಯಾವ ಯಾವ ಬಳಕೆಗೆ ವಿನಾಯಿತಿ ಎಂದು ಪಟ್ಟಿ ಮಾಡುತ್ತದೆ: ಸ್ವಂತದ ಓದು-ಸಂಶೋಧನೆ, ವಿಮರ್ಶೆ, ಸುದ್ದಿ ವರದಿ ಇತ್ಯಾದಿ. ಹೋಂಸ್ಟೇ ಗೋಡೆಗೆ ಮಾರುವ ಕ್ಯಾನ್ವಾಸ್ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲೂ ಈ ದಾರಿ ಈಗ ಕಿರಿದಾಗಿದೆ. ಗಾಯಕ ಪ್ರಿನ್ಸ್‌ನ ಫೋಟೊವನ್ನು ಲಿನ್ ಗೋಲ್ಡ್‌ಸ್ಮಿತ್ ಎಂಬ ಛಾಯಾಗ್ರಾಹಕಿ 1981ರಲ್ಲಿ ತೆಗೆದಿದ್ದರು. 1984ರಲ್ಲಿ ಒಂದು ಪತ್ರಿಕೆ 400 ಡಾಲರ್ ಕೊಟ್ಟು, ಚಿತ್ರಕಾರನಿಗೆ ಆಧಾರವಾಗಿ ಒಂದೇ ಸಲ ಬಳಸುತ್ತೇವೆ ಎಂದು ಅದನ್ನು ಪಡೆಯಿತು. ಆ ಚಿತ್ರಕಾರ ಆಂಡಿ ವಾರ್ಹಾಲ್ ಒಂದರ ಜಾಗದಲ್ಲಿ ಇಡೀ ಸರಣಿಯನ್ನೇ ಮಾಡಿದ. 2016ರಲ್ಲಿ ಅವನ ಪ್ರತಿಷ್ಠಾನ ಆ ಸರಣಿಯ ಇನ್ನೊಂದು ಚಿತ್ರವನ್ನು ಪತ್ರಿಕೆಯ ರಕ್ಷಾಪುಟಕ್ಕೆ 10,000 ಡಾಲರಿಗೆ ಕೊಟ್ಟಿತು, ಗೋಲ್ಡ್‌ಸ್ಮಿತ್‌ಗೆ ಏನೂ ಇಲ್ಲ. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಏಳಕ್ಕೆ ಎರಡರಂತೆ ಗೋಲ್ಡ್‌ಸ್ಮಿತ್ ಪರ ತೀರ್ಪಿತ್ತಿತು. ಆ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೂ ಹುಡುಗನಿಗೆ ಈ ಕತೆ ಹೇಳಿದೆ, ಯಾಕೆಂದರೆ ಅಲ್ಲಿಯೂ ಒಂದು ಬಳಕೆಗೆ ಕೊಟ್ಟ ಅನುಮತಿ ಇನ್ನೊಂದಕ್ಕೆ ಹೋಗಿತ್ತು. ಅವನ ತೆಪ್ಪದ ತೊಂದರೆಯೂ ಅದೇ.

ಚರ್ಚು ನಿನ್ನದು, ಆದರೂ ಒಂದು ಮಾತು

ತಳದ ಲೇಯರ್ ಅವನೇ ತೆಗೆದದ್ದು. ಕಟ್ಟಡದ ಫೋಟೊ ತೆಗೆದು ಪ್ರಕಟಿಸಲು 52ನೇ ಸೆಕ್ಷನ್ನಿನಲ್ಲೇ ವಿನಾಯಿತಿ ಇದೆ, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿ ನಿಂತ ಶಿಲ್ಪಕ್ಕೂ ಇದೆ. ಹಾಗಾಗಿ ಚರ್ಚಿನ ಬಗ್ಗೆ ಚಿಂತೆ ಇರಲಿಲ್ಲ.

ಇಲ್ಲಿ ನಮ್ಮ ಜಿಲ್ಲೆಯವರು ಎಡವುವ ಒಂದು ಕಲ್ಲಿದೆ. ಬೇಲೂರಿನ ಮದನಿಕೆಗಾಗಲಿ ಹಳೇಬೀಡಿನ ಶಿಲ್ಪಕ್ಕಾಗಲಿ ಇವತ್ತು ಕಾಪಿರೈಟ್ ಇಲ್ಲ. ಆದರೆ ಆ ಮದನಿಕೆಯ ಮೇಲೆ ಸಂಜೆಯ ಓರೆಬೆಳಕು ಬೀಳುವ ಹೊತ್ತಿಗೆ ಕಾದು, ಕೋನ ನೋಡಿ ಮತ್ತೊಬ್ಬರು ತೆಗೆದ ಫೋಟೊಗೆ ಇದೆ. ಶಿಲ್ಪ 12ನೇ ಶತಮಾನದ್ದು, ಫೋಟೊ ಹೋದ ವರ್ಷದ್ದು. ಫೋಟೊ ತೆಗೆದವರ ಹಕ್ಕು ಅವರು ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ ಇರುತ್ತದೆ. 2012ರ ತಿದ್ದುಪಡಿಗೆ ಮುಂಚೆ ಫೋಟೊಗಳಿಗೆ ಪ್ರಕಟಣೆಯಿಂದ 60 ವರ್ಷ ಮಾತ್ರ ಇತ್ತು. ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ, ಮೂಲೆಯಲ್ಲಿ ಹೆಸರು ಬರೆಯಬೇಕಾಗಿಯೂ ಇಲ್ಲ.

ಮಾತಿನ ನಡುವೆ ಹುಡುಗ ಇನ್ನೊಂದು ಯೋಚನೆ ಹೇಳಿದ. ತೆಪ್ಪ ಬೇಡವೆಂದರೆ, ತಾನೇ ತೆಗೆದ ಒಂದು ಪ್ರೀವೆಡ್ಡಿಂಗ್ ಶೂಟಿನಿಂದ ಜೋಡಿಯ ನೆರಳುಚಿತ್ರ ಕತ್ತರಿಸಿ ದಡದಲ್ಲಿ ನಿಲ್ಲಿಸಿದರೆ? ತನ್ನ ಕ್ಯಾಮೆರಾ, ತಾನೇ ಕ್ಲಿಕ್ಕಿಸಿದ್ದು. ಕಾಯ್ದೆಯ 17ನೇ ಸೆಕ್ಷನ್ ಇಲ್ಲಿ ಅಡ್ಡ ಬರುತ್ತದೆ. ಯಾರಾದರೂ ಹಣ ಕೊಟ್ಟು ತಮ್ಮ ಕೋರಿಕೆಯ ಮೇಲೆ ತೆಗೆಸಿಕೊಂಡ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಒಡೆಯರು ತೆಗೆಸಿಕೊಂಡವರೇ. ಮದುವೆ ಫೋಟೊದವರು ಸಾಮಾನ್ಯವಾಗಿ ಬರೆಸಿಕೊಳ್ಳುವುದು ಅಡ್ವಾನ್ಸು ಮತ್ತು ಆಲ್ಬಮ್ಮಿನ ಹಾಳೆ ಎಷ್ಟು ಎಂಬುದನ್ನು ಮಾತ್ರ. ಹಕ್ಕಿನ ಬಗ್ಗೆ ಒಂದು ಸಾಲು ಇಲ್ಲದಿದ್ದರೆ, ತಾನೇ ತೆಗೆದ ಆ ಜೋಡಿಯನ್ನು ಅವನು ಮಾರುವ ಕ್ಯಾನ್ವಾಸಿನಲ್ಲಿ ಹಾಕುವಂತಿಲ್ಲ. ಮುಖ ಕಾಣುತ್ತದೋ ಇಲ್ಲವೋ ಎನ್ನುವುದು ಆಮೇಲಿನ ಪ್ರಶ್ನೆ.

ಆಕಾಶದ ಎರಡಕ್ಷರ

ಆಕಾಶವನ್ನು ಎಲ್ಲಿಂದ ತೆಗೆದೆ ಎಂದು ಹುಡುಕಿಸಿದೆ. ಬ್ರೌಸರಿನ ಹಿಸ್ಟರಿಯಲ್ಲಿ ಸಿಕ್ಕಿತು. ಪುಟದ ಕೆಳಗೆ `CC BY-NC 4.0` ಎಂದಿತ್ತು. ಅವನು ನೋಡಿದ್ದು `CC` ಎಂಬಷ್ಟನ್ನೇ, ಅಂದರೆ ಕ್ರಿಯೇಟಿವ್ ಕಾಮನ್ಸ್, ಅಂದರೆ ಫ್ರೀ.

ಕ್ರಿಯೇಟಿವ್ ಕಾಮನ್ಸ್ ಒಂದು ಲೈಸೆನ್ಸ್ ಅಲ್ಲ, ಒಂದು ಕುಟುಂಬ. ಹಲವು ಫೋಟೊಗಳನ್ನು ಒಂದಾಗಿ ಜೋಡಿಸಿ, ಅಂದರೆ ಕಾಂಪೋಸಿಟ್ ಮಾಡಿ, ಮಾರುವವನಿಗೆ ಅದರ ಒಂದೊಂದು ಅಕ್ಷರವೂ ಬೇರೆ ಬೇರೆ ಉತ್ತರ ಕೊಡುತ್ತದೆ. `BY` ಎಂದರೆ ಹೆಸರು ಹೇಳು, ಏನು ಬೇಕಾದರೂ ಮಾಡು, ಮಾರಬಹುದು. `NC` ಬಂದರೆ ವ್ಯಾಪಾರದ ಲಾಭವೋ ಹಣವೋ ಮುಖ್ಯ ಉದ್ದೇಶವಾದ ಬಳಕೆ ಇಲ್ಲ. ಒಂದೇ ಕ್ಯಾನ್ವಾಸ್ ಆದರೂ ಹಣಕ್ಕೆ ಮಾರಿದರೆ ಅಲ್ಲಿಗೆ ಮುಗಿಯಿತು. `ND` ಇದ್ದರೆ ಬದಲಾಯಿಸಿದ ರೂಪವನ್ನು ಹಂಚುವಂತಿಲ್ಲ. ಆಕಾಶ ಕತ್ತರಿಸಿ ಚರ್ಚಿನ ಹಿಂದೆ ಕೂರಿಸುವುದು ಬದಲಾವಣೆಯೇ, ಹಾಗಾಗಿ ಹಣವೇ ಪಡೆಯದೆ ಫೇಸ್‌ಬುಕ್ಕಿಗೆ ಹಾಕಿದರೂ ತಪ್ಪು.

ಇವೆರಡೂ ಮುಚ್ಚಿದ ಬಾಗಿಲು, ನೋಡಿದರೆ ಗೊತ್ತಾಗುತ್ತದೆ. ನನಗೆ ಹೆಚ್ಚು ಹೆದರಿಕೆ ಅರ್ಧ ತೆರೆದಿರುವ `SA` ಬಗ್ಗೆ. ಹುಡುಗ ಬದಲಿಗೆ ವಿಕಿಮೀಡಿಯ ಕಾಮನ್ಸ್‌ನಿಂದ ಇನ್ನೊಂದು ಆಕಾಶ ತೋರಿಸಿದ, `CC BY-SA`. ಆ ತಾಣದಲ್ಲಿ `NC`, `ND` ಮಾತ್ರ ಇರುವ ಫೋಟೊಗಳನ್ನು ಸೇರಿಸಿಕೊಳ್ಳುವುದೇ ಇಲ್ಲ, ಆದ್ದರಿಂದ ಮಾರಾಟಕ್ಕೆ ಅಡ್ಡಿ ಇಲ್ಲ ಎಂಬುದು ನಿಜ. ಆದರೆ `SA` ಕೇಳುವುದು, ಇದನ್ನು ಸೇರಿಸಿ ಮಾಡಿದ ಹೊಸ ಕೃತಿಯನ್ನು ಹಂಚುವಾಗ ಅದೇ ಲೈಸೆನ್ಸಿನಲ್ಲಿ ಹಂಚಬೇಕು ಎಂದು. ಅಂದರೆ ಅವನ ಚರ್ಚು, ಅವನ ಬೆಳಕು, ಅವನ ಎರಡು ದಿನದ ಎಡಿಟಿಂಗ್ ಎಲ್ಲ ಸೇರಿದ ಆ ಇಡೀ ಚಿತ್ರ `CC BY-SA` ಆಗುತ್ತದೆ. ಹೋಂಸ್ಟೇಯವರು ಹಣ ಕೊಟ್ಟು ಕ್ಯಾನ್ವಾಸ್ ಕೊಳ್ಳಬಹುದು. ಪಕ್ಕದ ಹೋಂಸ್ಟೇಯವರು ಕ್ಯಾಲೆಂಡರನ್ನು ಸ್ಕ್ಯಾನ್ ಮಾಡಿ, ಇವನ ಹೆಸರು ಹಾಕಿ, ತಮ್ಮದೇ 5,000 ಕ್ಯಾಲೆಂಡರ್ ಅಚ್ಚು ಹಾಕಿಸಿದರೂ ಅವನು ಬಾಯಿ ತೆರೆಯುವಂತಿಲ್ಲ. "ಈ ಚಿತ್ರ ನಿಮಗೆ ಮಾತ್ರ" ಎಂದು ಮಾತು ಕೊಟ್ಟಿದ್ದರೆ ಆ ಮಾತೂ ಮುರಿಯಿತು.

`NC` ಇದ್ದ ಮೂಲ ಆಕಾಶಕ್ಕೂ ಒಂದು ದಾರಿ ಇತ್ತು. ತೆಗೆದವರನ್ನೇ ಕೇಳುವುದು. ಕ್ರಿಯೇಟಿವ್ ಕಾಮನ್ಸ್ ಹಾಕಿದವರು ಬೇರೆಯಾಗಿ ಹಣ ಪಡೆದು ಮಾರಾಟಕ್ಕೆ ಅನುಮತಿ ಕೊಡಬಹುದು, ಎಷ್ಟೋ ಜನ ಕೊಡುತ್ತಾರೆ. ಹುಡುಗ ಬರೆದ, ಎರಡು ವಾರ ಕಾದ, ಉತ್ತರ ಬರಲಿಲ್ಲ. ಉತ್ತರ ಬರಲಿಲ್ಲವೆಂದರೆ ಅನುಮತಿ ಸಿಗಲಿಲ್ಲ ಎಂದೇ ಲೆಕ್ಕ.

ಅನ್‌ಸ್ಪ್ಲಾಶ್, ಪೆಕ್ಸೆಲ್ಸ್, ಪಿಕ್ಸಾಬೇ ಇವೆಯಲ್ಲ ಎಂದು ಕೇಳಬಹುದು. ಇವುಗಳ ಲೈಸೆನ್ಸ್ ಕಾಂಪೋಸಿಟ್ಟಿಗೆ ನಿಜಕ್ಕೂ ಅನುಕೂಲ. ಇದ್ದ ಫೋಟೊವನ್ನು ಇದ್ದ ಹಾಗೆಯೇ ಪ್ರಿಂಟ್ ಹಾಕಿ ಮಾರಬಾರದು, ನಿಮ್ಮ ಕೆಲಸ ಅದರಲ್ಲಿ ಸೇರಿರಬೇಕು ಎಂಬುದು ಮೂರರ ಸಾರ. ಚರ್ಚಿನ ಹಿಂದೆ ಕೂತ ಆಕಾಶ ಆ ಮಾತಿಗೆ ಒಪ್ಪುತ್ತದೆ. ಆದರೆ ಫೋಟೊದಲ್ಲಿ ಮನುಷ್ಯರೋ ಬ್ರ್ಯಾಂಡಿನ ಗುರುತೋ ಇದ್ದರೆ ಅವರ ಒಪ್ಪಿಗೆಗೆ ಈ ತಾಣಗಳು ಜವಾಬ್ದಾರಿ ಹೊರುವುದಿಲ್ಲ. ಷರತ್ತುಗಳು ಬದಲಾಗುತ್ತವೆ ಎಂಬುದೂ ನೆನಪಿರಲಿ. ಅನ್‌ಸ್ಪ್ಲಾಶ್ 2017ರವರೆಗೆ, ಪಿಕ್ಸಾಬೇ 2019ರ ಆರಂಭದವರೆಗೆ ಎಲ್ಲ ಹಕ್ಕನ್ನೂ ಬಿಟ್ಟುಕೊಡುವ `CC0` ಬಳಸುತ್ತಿದ್ದವು, ಆಮೇಲೆ ತಮ್ಮದೇ ಲೈಸೆನ್ಸ್ ಮಾಡಿಕೊಂಡವು. ನೀವು ಇಳಿಸಿಕೊಂಡ ದಿನ ಯಾವುದಿತ್ತು ಎಂಬುದಕ್ಕೆ ಪುರಾವೆ ನಿಮ್ಮ ಹತ್ತಿರವೇ ಇರಬೇಕು.

ಹಕ್ಕಿಗಳಿಗೆ ವಾರಸುದಾರರೇ ಇಲ್ಲ

"ಫ್ರೀ ಪಿಎನ್‌ಜಿ" ತಾಣದ ಹಕ್ಕಿಗಳದ್ದು ಎಲ್ಲಕ್ಕಿಂತ ಸರಳ ಕತೆ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. ಪುಟದಲ್ಲಿ ಅಪ್‌ಲೋಡ್ ಮಾಡಿದವರ ಅಡ್ಡಹೆಸರು ಬಿಟ್ಟರೆ ತೆಗೆದವರ ಸುಳಿವಿಲ್ಲ. ಕಮರ್ಷಿಯಲ್ ಬಳಕೆಗೂ ಉಚಿತ ಎಂದು ದಪ್ಪಕ್ಷರದಲ್ಲಿತ್ತು. ಅದನ್ನು ಬರೆಯಲು ಅವರಿಗೆ ಹಕ್ಕಿತ್ತೇ ಎಂಬುದೇ ಪ್ರಶ್ನೆ. ತನ್ನದಲ್ಲದ ತೋಟವನ್ನು ಯಾರಾದರೂ ನಮಗೆ ದಾನ ಬರೆದುಕೊಟ್ಟರೆ ಪಹಣಿಯಲ್ಲಿ ನಮ್ಮ ಹೆಸರು ಬರುತ್ತದೆಯೇ?

ಇಂಥದ್ದನ್ನು ಪತ್ತೆ ಮಾಡುವುದಕ್ಕೆ ಐದು ನಿಮಿಷ ಸಾಕು. ಹಕ್ಕಿಯ ಚಿತ್ರವನ್ನು ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡಕ್ಕೂ ಕೊಟ್ಟು ನೋಡಬೇಕು. ಅದೇ ಹಿಂಡು ಹಿನ್ನೆಲೆಯ ಸಮೇತ, ದೊಡ್ಡ ಗಾತ್ರದಲ್ಲಿ, ಯಾರದೋ ಹೆಸರಿನೊಂದಿಗೆ ಎಲ್ಲಾದರೂ ಕಂಡರೆ ಅದೇ ಮೂಲ. ನಮಗೆ ಒಂದು ಹಣದ ಸ್ಟಾಕ್ ತಾಣದಲ್ಲಿ ಸಿಕ್ಕಿತು. ಅಲ್ಲಿ ಮೂರನೆಯ ಹಕ್ಕಿಯ ರೆಕ್ಕೆ ಪೂರ್ತಿ ಇತ್ತು, ಕತ್ತರಿಸಿದವನ ಕೈ ಜಾರಿ ಚಪ್ಪಟೆಯಾಗಿತ್ತಷ್ಟೇ. ಫೈಲಿನೊಳಗೆ ಅಡಗಿರುವ ಮಾಹಿತಿಯನ್ನೂ ಓದಬಹುದು. ಎಕ್ಸಿಫ್‌ಟೂಲ್ ಹಾಕಿಕೊಂಡವರಿಗೆ:

```
exiftool -Artist -Copyright -UsageTerms -WebStatement hakki.png
```

ಏನೂ ತೋರಿಸದಿದ್ದರೆ ಹಕ್ಕುದಾರರಿಲ್ಲ ಎಂದು ತಿಳಿಯಬೇಡಿ. ಕತ್ತರಿಸಿ ಪಿಎನ್‌ಜಿ ಮಾಡುವಾಗ ಈ ಮಾಹಿತಿ ಸಾಮಾನ್ಯವಾಗಿ ಉದುರಿಹೋಗುತ್ತದೆ. ಬೇಕೆಂದೇ ಅಳಿಸಿದರೆ ಅದು 65ಬಿ ಸೆಕ್ಷನ್ನಿನಲ್ಲಿ ಬೇರೆಯದೇ ಅಪರಾಧ.

ಹೀಗೆ ನಮಗೆ ಐದು ನಿಮಿಷದಲ್ಲಿ ಸಿಗುವುದು ಅವರಿಗೂ ಸಿಗುತ್ತದೆ. ಪಿಕ್ಸಿ, ಕಾಪಿಟ್ರ್ಯಾಕ್‌ನಂಥ ಸಂಸ್ಥೆಗಳು ಫೋಟೊಗ್ರಾಫರುಗಳ ಪರವಾಗಿ ಇಂಟರ್ನೆಟ್ಟಿನಲ್ಲಿ ಇದನ್ನೇ ಹುಡುಕಿ ಹಣ ಕೇಳಿ ಪತ್ರ ಬರೆಯುತ್ತವೆ. ಗೋಡೆಯ ಮೇಲಿನ ಕ್ಯಾನ್ವಾಸ್ ಅವರ ಕಣ್ಣಿಗೆ ಬೀಳಲಿಕ್ಕಿಲ್ಲ. ಹೋಂಸ್ಟೇಯವರು ಅದನ್ನು ತಮ್ಮ ವೆಬ್‌ಸೈಟಿನ ತಲೆಪುಟಕ್ಕೆ ಹಾಕಿದ ದಿನ ಬೀಳುತ್ತದೆ, ಮತ್ತು ಪತ್ರ ಹೋಗುವುದು ಹೋಂಸ್ಟೇಯವರಿಗೆ. ಅವರು ಫೋನ್ ಮಾಡುವುದು ಹುಡುಗನಿಗೆ.

ಬಿಲ್ ಇದ್ದ ತೆಪ್ಪ

ತೆಪ್ಪದ್ದು ಸ್ವಾರಸ್ಯ. ಷಟರ್‌ಸ್ಟಾಕ್‌ನಿಂದ ಸ್ಟ್ಯಾಂಡರ್ಡ್ ಲೈಸೆನ್ಸಿನಲ್ಲಿ ಕೊಂಡದ್ದು, ಬಿಲ್ ಇತ್ತು. ಬೆಸ್ತನ ಒಪ್ಪಿಗೆ ಪತ್ರವೂ ಇದೆ ಎಂದು ಪುಟದಲ್ಲಿ ಹೇಳಿತ್ತು. `Editorial Use Only` ಎಂಬ ಗುರುತೂ ಇರಲಿಲ್ಲ. ಅದಿದ್ದರೆ ಸುದ್ದಿ-ಲೇಖನಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವಂತಿರಲಿಲ್ಲ.

"ಐದು ಲಕ್ಷ ಪ್ರತಿವರೆಗೂ ಮಾಡ್ಬಹುದು ಅಂತ ಬರ್ದಿದ್ದಾರಣ್ಣ. ನಾನು ಮಾಡ್ತಿರೋದು ಐನೂರು."

ಓದಿದ್ದು ಸರಿಯೇ, ಅನ್ವಯಿಸಿದ್ದು ತಪ್ಪು. ಸ್ಟ್ಯಾಂಡರ್ಡ್ ಲೈಸೆನ್ಸಿನ ಐದು ಲಕ್ಷ, ಬ್ರೋಷರು, ಜಾಹೀರಾತು, ಪ್ಯಾಕಿಂಗ್, ಪುಸ್ತಕದ ಒಳಪುಟದಂಥವಕ್ಕೆ. ಅಲ್ಲೆಲ್ಲ ಚಿತ್ರ ಇನ್ನೊಂದು ಸರಕಿಗೆ ಆಳಾಗಿ ದುಡಿಯುತ್ತದೆ. ಚಿತ್ರವೇ ಸರಕಾದಾಗ ಅದನ್ನು ಮರ್ಚಂಡೈಸ್ ಎನ್ನುತ್ತಾರೆ, ಅದಕ್ಕೆ ಎನ್‌ಹ್ಯಾನ್ಸ್‌ಡ್ ಲೈಸೆನ್ಸ್ ಬೇಕು. ಆ ಲೈಸೆನ್ಸಿನ ಷರತ್ತಿನಲ್ಲಿ ಗೋಡೆಯ ಚಿತ್ರ, ಕ್ಯಾಲೆಂಡರ್ ಎರಡನ್ನೂ ಹೆಸರು ಹಿಡಿದೇ ಬರೆದಿದ್ದಾರೆ. ಮಾರಾಟಕ್ಕಷ್ಟೇ ಅಲ್ಲ, ಪ್ರಚಾರಕ್ಕೆಂದು ಪುಕ್ಕಟೆ ಹಂಚಿದರೂ ಬೇಕು. ಹೋಂಸ್ಟೇಯವರು ಕ್ಯಾಲೆಂಡರನ್ನು ಮಾರುವುದಿಲ್ಲವಲ್ಲ ಎಂಬ ಕೊನೆಯ ಆಸೆಯೂ ಅಲ್ಲಿಗೆ ಹೋಯಿತು. ಅಡೋಬಿ ಸ್ಟಾಕ್‌ನಲ್ಲೂ ಇದೇ ಗೆರೆ, ಅಲ್ಲಿ ಅದರ ಹೆಸರು ಎಕ್ಸ್‌ಟೆಂಡೆಡ್ ಲೈಸೆನ್ಸ್.

ತೆಪ್ಪ ಚಿತ್ರದ ಒಂದು ಮೂಲೆಯಲ್ಲಿದೆ, ಮುಖ್ಯ ವಸ್ತು ಚರ್ಚಲ್ಲವೇ? ಇದು ಒಳ್ಳೆಯ ಪ್ರಶ್ನೆ. ಎನ್‌ಹ್ಯಾನ್ಸ್‌ಡ್ ಲೈಸೆನ್ಸ್ ಕೂಡ ಆ ಸರಕಿನಲ್ಲಿ ಸ್ಟಾಕ್ ಚಿತ್ರದ ಹೊರತಾಗಿ ನಿಮ್ಮ ಕೆಲಸ ಇರಲೇಬೇಕು ಎಂದು ಕೇಳುತ್ತದೆ. ಅಂದರೆ ಕಾಂಪೋಸಿಟ್ ಎಂಬುದು ಆ ಲೈಸೆನ್ಸ್ ಪಡೆಯಲು ಇರುವ ಅರ್ಹತೆ. ಅದರಿಂದ ತಪ್ಪಿಸಿಕೊಳ್ಳುವ ನೆಪವಾಗುವುದಿಲ್ಲ. ಎನ್‌ಹ್ಯಾನ್ಸ್‌ಡ್ ಬೆಲೆ ಸ್ಟ್ಯಾಂಡರ್ಡಿನ ಹಲವು ಪಟ್ಟು. ಅವನು ಹೋಂಸ್ಟೇಗೆ ಹೇಳಿದ್ದ ದರದಲ್ಲಿ ಅದನ್ನು ಹಾಕಿದರೆ ಉಳಿಯುತ್ತಿದ್ದದ್ದು ಪೆಟ್ರೋಲ್ ಖರ್ಚು.

ಇನ್ನೊಂದು, ನನ್ನ ಕಸುಬಿನ ಕಡೆಯಿಂದ. ಕ್ಯಾಲೆಂಡರ್ ಅಚ್ಚು ಹಾಕುವ ಪ್ರೆಸ್ಸಿನವರು "ಓಪನ್ ಫೈಲ್ ಕಳಿಸಿ" ಎಂದು ಕೇಳುತ್ತಾರೆ, ಬಣ್ಣ ತಿದ್ದಲು ಅನುಕೂಲವೆಂದು. ಲೇಯರ್ ಸಮೇತ ಪಿಎಸ್‌ಡಿ ಕೊಟ್ಟರೆ ಅದರಿಂದ ತೆಪ್ಪವನ್ನು ಬಿಡಿಯಾಗಿ ಎತ್ತಿಕೊಳ್ಳಬಹುದು. ಸ್ಟಾಕ್ ಚಿತ್ರ ಹೀಗೆ ಬಿಡಿಯಾಗಿ ಮೂರನೆಯವರ ಕೈಗೆ ಸಿಗುವಂತೆ ಮಾಡುವುದನ್ನು ಸ್ಟಾಕ್ ಲೈಸೆನ್ಸುಗಳು ನಿಷೇಧಿಸುತ್ತವೆ. ಲೇಯರುಗಳನ್ನೆಲ್ಲ ಒಂದಾಗಿಸಿ ಫ್ಲ್ಯಾಟನ್ ಮಾಡಿದ ಟಿಫ್ ಕಳಿಸಿದರೆ ಸಾಕು. ಆ ಚಪ್ಪಟೆ ರೆಕ್ಕೆಯ ಹಕ್ಕಿ ನಮ್ಮ ಊರಿನ ಫೈಲುಗಳಲ್ಲಿ ಹಾರಾಡುತ್ತಿರುವುದೂ ಇಂಥ ಓಪನ್ ಫೈಲುಗಳ ದಾರಿಯಲ್ಲೇ ಎಂದು ನನ್ನ ಗುಮಾನಿ.

ಕೊನೆಗೆ ಏನು ಮಾಡಿದೆವು

ನಾಲ್ಕು ಲೇಯರಿನಲ್ಲಿ ಮೂರಕ್ಕೆ ಅನುಮತಿ ಸಿಕ್ಕಿ ಒಂದಕ್ಕೆ ಇಲ್ಲದಿದ್ದರೂ ಚಿತ್ರ ಮಾರುವಂತಿಲ್ಲ. ಎಲ್ಲಕ್ಕಿಂತ ಬಿಗಿಯಾದ ಲೈಸೆನ್ಸ್ ಯಾವುದೋ ಅದೇ ಇಡೀ ಚಿತ್ರದ ಲೈಸೆನ್ಸ್. ಹಾಗಾಗಿ ಒಂದೊಂದಾಗಿ ಬದಲಾಯಿಸುತ್ತ ಹೋದೆವು.

ತೆಪ್ಪವನ್ನು ತೆಗೆದೇಬಿಟ್ಟ. ನನ್ನ ಕೇಳಿದರೆ ಚಿತ್ರ ಇನ್ನೂ ಚೆನ್ನಾಯಿತು.

ಹಕ್ಕಿಗೆ ಸ್ನೇಹಿತನೊಬ್ಬ ತೆಗೆದ ಬೆಳ್ಳಕ್ಕಿಗಳ ಹಿಂಡು ಸಿಕ್ಕಿತು. "ತಗೋ ಮಗಾ, ಏನ್ ಬೇಕಾದ್ರೂ ಮಾಡ್ಕೊ" ಎಂದನಂತೆ ಫೋನಿನಲ್ಲಿ. ಕಾಯ್ದೆಯ 30ನೇ ಸೆಕ್ಷನ್ ಲೈಸೆನ್ಸ್ ಬರಹದಲ್ಲಿರಬೇಕು ಎನ್ನುತ್ತದೆ. ಸಹಿ ಬೇಕೆಂಬ ಮಾತನ್ನು 2012ರಲ್ಲಿ ತೆಗೆದಿದ್ದಾರೆ. ಅವಧಿ ಬರೆಯದಿದ್ದರೆ ಐದು ವರ್ಷ, ಜಾಗ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯೇ ತುಂಬಿಕೊಳ್ಳುತ್ತದೆ. ಅದಕ್ಕೇ ಸ್ನೇಹಿತನಿಂದ ವಾಟ್ಸಾಪಿನಲ್ಲಿ ಇಷ್ಟು ಬರೆಸಿಕೊಂಡೆವು: "ನಾನು ತೆಗೆದ DSC_4471 ಫೈಲಿನ ಬೆಳ್ಳಕ್ಕಿಗಳನ್ನು ನಿನ್ನ ಶೆಟ್ಟಿಹಳ್ಳಿ ಚಿತ್ರದಲ್ಲಿ ಸೇರಿಸಿ, ಬದಲಾಯಿಸಿ, ಪ್ರಿಂಟ್, ಕ್ಯಾಲೆಂಡರ್, ವೆಬ್‌ಸೈಟ್ ರೂಪದಲ್ಲಿ ಎಲ್ಲ ದೇಶಗಳಲ್ಲೂ, ನನ್ನ ಕಾಪಿರೈಟ್ ಇರುವಷ್ಟು ಕಾಲ ಮಾರಲು ಒಪ್ಪಿದ್ದೇನೆ. ಇದಕ್ಕೆ ಬೇರೆ ಹಣ ಬೇಡ." ಅದರ ಸ್ಕ್ರೀನ್‌ಶಾಟ್ ತೆಗೆದು, ಮೂಲ ಫೈಲಿನ ಜತೆ ಒಂದೇ ಫೋಲ್ಡರಿನಲ್ಲಿಟ್ಟ.

ಆಕಾಶಕ್ಕೆ ಯುರೋಪಿನ ದಕ್ಷಿಣ ಖಗೋಳ ವೀಕ್ಷಣಾಲಯದ, ಅಂದರೆ ಈಎಸ್‌ಓದ, ತಾಣ ನೋಡಿದೆವು. ಅಲ್ಲಿನ ಚಿತ್ರಗಳು ಸಾಮಾನ್ಯವಾಗಿ `CC BY 4.0`, ಮಾರಬಹುದು, ಹೆಸರು ಕಾಣುವಂತೆ ಹಾಕಬೇಕು, ಅವರೇ ನಮ್ಮ ಸರಕನ್ನು ಮೆಚ್ಚಿದ್ದಾರೆಂಬ ಭಾವನೆ ಹುಟ್ಟಿಸಬಾರದು. ಸರ್ಜ್ ಬ್ರೂನಿಯೆ ತೆಗೆದ ಇಡೀ ಆಕಾಶಗಂಗೆಯ ಪನೋರಮಾ ಅಲ್ಲಿದೆ. ಕ್ಯಾಲೆಂಡರಿನ ಕೆಳಅಂಚಿಗೆ ಸಣ್ಣಕ್ಷರದಲ್ಲಿ ಹಾಕಿದ ಸಾಲು ಇದು. ಬದಲಾಯಿಸಿದ್ದೇವೆ ಎಂದು ಹೇಳುವುದೂ ಆ ಲೈಸೆನ್ಸಿನ ಷರತ್ತೇ:

```
Sky: ESO/S. Brunier, CC BY 4.0
creativecommons.org/licenses/by/4.0
Cropped, recoloured, combined with other photos
```

ಫೋಲ್ಡರಿಗೆ ಇನ್ನೂ ಮೂರು ವಸ್ತು ಸೇರಿದವು: ಆ ಪುಟವನ್ನು ವಿಳಾಸ ಮತ್ತು ದಿನಾಂಕ ಕಾಣುವಂತೆ ಪಿಡಿಎಫ್ ಮಾಡಿದ್ದು, ಲೈಸೆನ್ಸಿನ ಪಠ್ಯ, ಇಳಿಸಿಕೊಂಡ ಫೈಲು ಅದರ ಮೂಲ ಹೆಸರಿನಲ್ಲೇ. ಫೋಟೊಶಾಪಿನ ಲೇಯರಿಗೆ "ಲೇಯರ್ 7" ಎಂದಿದ್ದದ್ದನ್ನು ಎಲ್ಲಿಂದ ಬಂದದ್ದು ಎಂಬ ಹೆಸರಿಗೆ ಬದಲಾಯಿಸಿದ. ಹೋಂಸ್ಟೇಗೆ ಕೊಟ್ಟ ಬಿಲ್ಲಿನಲ್ಲಿ ಒಂದು ಕ್ಯಾನ್ವಾಸ್, 500 ಕ್ಯಾಲೆಂಡರ್, ವೆಬ್‌ಸೈಟಿನಲ್ಲಿ ಬಳಕೆ ಎಂದು ಬಿಡಿಸಿ ಬರೆದು, ಕಾಪಿರೈಟ್ ಮಾರಿಲ್ಲ ಎಂಬ ಸಾಲು ಸೇರಿಸಿದ. ತನ್ನದಲ್ಲದ ಆಕಾಶ, ತನ್ನದಲ್ಲದ ಹಕ್ಕಿ ಇರುವಾಗ ಇಡೀ ಚಿತ್ರದ ಹಕ್ಕನ್ನು ಮಾರುತ್ತೇನೆ ಎನ್ನಲು ಅವನಿಗೆ ಆಗುತ್ತಲೂ ಇರಲಿಲ್ಲ.

ಕ್ಯಾಲೆಂಡರ್ ಹೋಯಿತು. ಕ್ಯಾನ್ವಾಸ್ ಮಾತ್ರ ನಿಂತಿತು. ಆ ಪನೋರಮಾದ ಒಂದು ತುಂಡನ್ನು 36 ಇಂಚಿಗೆ ಹಿಗ್ಗಿಸಿದಾಗ ನಕ್ಷತ್ರಗಳು ನೆನೆಸಿದ ಅವಲಕ್ಕಿಯಂತೆ ಉಬ್ಬಿದವು. ಪರೀಕ್ಷೆಗೆಂದು ಒಂದು ಪಟ್ಟಿ ಪ್ರಿಂಟ್ ಹಾಕಿ ತೋರಿಸಿದೆ, ಅವನಿಗೂ ಒಪ್ಪಿಗೆಯಾಗಲಿಲ್ಲ. ಹೊರಡುವಾಗ ಕೇಳಿದ: ಈಗ ಎಲ್ಲ ಸರಿಯಾಯಿತಲ್ಲ, ಈ ಚಿತ್ರವನ್ನು ತಾನೂ ಸ್ಟಾಕ್ ಸೈಟಿಗೆ ಹಾಕಬಹುದೇ? ಇಲ್ಲ. ಅಲ್ಲಿ ಹಾಕುವವರು ಚಿತ್ರದಲ್ಲಿರುವ ಎಲ್ಲದರ ಹಕ್ಕೂ ತಮ್ಮದೇ ಎಂದು ಒಪ್ಪಿಕೊಳ್ಳಬೇಕು. `CC BY` ಆಕಾಶ ಮಾರಲು ಸರಿ, ನನ್ನದು ಎನ್ನಲು ಸರಿಯಿಲ್ಲ.

ಮಾರ್ಚ್ ಅಮಾವಾಸ್ಯೆಯ ಹಿಂದಿನ ರಾತ್ರಿ ಅವನು ಮತ್ತೆ ಶೆಟ್ಟಿಹಳ್ಳಿಗೆ ಹೋದ. ನೀರು ಪೂರ್ತಿ ಇಳಿದು ಚರ್ಚಿನ ಸುತ್ತ ಬಿರುಕು ಬಿಟ್ಟ ಕೆಸರು. ಬೆಳಗಿನ ಜಾವ ನಾಲ್ಕಕ್ಕೆ ಆಗ್ನೇಯದಲ್ಲಿ ಆಕಾಶಗಂಗೆ ಏಳುವ ಹೊತ್ತು ಅದು. ಪಕ್ಕ ಪಕ್ಕದಲ್ಲಿ ಒಂದರ ಮೇಲೊಂದು ಹೊಂದುವಂತೆ ಹನ್ನೆರಡು ಫ್ರೇಮು ತೆಗೆದು ತಂದ. ಸೆಪ್ಟೆಂಬರಿನ ನೀರು, ಮಾರ್ಚಿನ ಆಕಾಶ, ಎರಡೂ ಅವನವೇ. ಪೆನ್‌ಡ್ರೈವಿನಲ್ಲಿ ಈ ಸಲ ಚಿತ್ರದ ಪಕ್ಕದಲ್ಲಿ ಆ ಹನ್ನೆರಡು ರಾ ಫೈಲುಗಳನ್ನೂ, ಬೆಳ್ಳಕ್ಕಿಯ ವಾಟ್ಸಾಪ್ ಸ್ಕ್ರೀನ್‌ಶಾಟನ್ನೂ ಇಟ್ಟಿದ್ದ. ಕ್ಯಾನ್ವಾಸನ್ನು ಅವತ್ತೇ ಮಧ್ಯಾಹ್ನ ಪ್ರಿಂಟಿಗೆ ಹಾಕಿದೆ.